ಕಾಯಿ ಉದುರುತ್ತಿದೆ, ಏನು ಹೊಡೆಯಬೇಕು?

ಅಡಿಕೆ ಬೆಳೆಗಾರರ ಪ್ರಶ್ನೆಗಳಿಗೆ ಫೋನಿನಲ್ಲಿ ಉತ್ತರ ಹೇಳುವ ಕೆಲಸದಲ್ಲಿ ಜುಲೈ ತಿಂಗಳ ಹೊಳವಾದ ದಿನಗಳಷ್ಟು ಗಡಿಬಿಡಿಯ ದಿನಗಳು ಬೇರೆ ಇಲ್ಲ. ಮೇ ಕೊನೆಯಲ್ಲಿ ಕೊಳೆರೋಗಕ್ಕೆಂದು ಮೊದಲ ಸಲ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಸಿದವರಿಗೆ ನಲವತ್ತು, ನಲವತ್ತೈದು ದಿನ ತುಂಬಿ ಎರಡನೆಯ ಸಿಂಪರಣೆಯ ಸಮಯ ಬಂದಿರುತ್ತದೆ; ಮಳೆ ಬಿಟ್ಟಿರುವುದು ಒಂದೆರಡು ದಿನ ಮಾತ್ರ; ಮರ ಹತ್ತಿ ಔಷಧಿ ಹೊಡೆಯುವ, ಊರಿಗೆಲ್ಲ ಇರುವ ಕೆಲವೇ ಕೊನೆಗಾರರು ಎಲ್ಲರಿಗೂ ಅದೇ ದಿನ ಬೇಕು. ಅಂಥ ದಿನಗಳಲ್ಲಿ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ ಸಾಲಿನದು. ಅದರಲ್ಲಿ ಇಲ್ಲದಿರುವುದನ್ನು ಮರಳಿ ಕೇಳಬೇಕೋ, ಇಲ್ಲದಿರುವುದನ್ನು ನಾನೇ ಹೀಗಿರಬಹುದು ಎಂದು ಎಣಿಸಿ, ಆ ಎಣಿಕೆಯನ್ನು ಬಾಯಿಬಿಟ್ಟು ಹೇಳಿ ಉತ್ತರ ಕೊಡಬೇಕೋ ಎಂಬುದನ್ನು ಆ ಕ್ಷಣದಲ್ಲೇ ನಿರ್ಧರಿಸಬೇಕಾಗುತ್ತದೆ. ಈಚಿನ ಒಂದು ಮಳೆಗಾಲದಲ್ಲಿ ಒಂದೇ ದಿನ ಈ ನಿರ್ಧಾರವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಬೇಕಾಗಿ ಬಂತು.

ಬೆಳಿಗ್ಗೆ ಮೊದಲ ಕರೆ ಸಿದ್ದಾಪುರದ ಕಡೆಯದು. "ಕಾಯಿ ಉದುರ್ತಾ ಇದೆ, ಏನು ಹೊಡೀಬೇಕು?" ಎಂದರು. ಜುಲೈಯಲ್ಲಿ ಕಾಯಿ ಉದುರಿದರೆ ಕೊಳೆರೋಗವೆಂದೇ ಎಲ್ಲರ ಊಹೆ, ಆ ಊಹೆ ಬಹುಪಾಲು ಸರಿಯೂ ಹೌದು. ಆದರೆ ಎಳೆಗಾಯಿಯ ರಸ ಹೀರುವ ತಿಗಣೆಯಿಂದಲೂ ಕಾಯಿ ಉದುರುತ್ತದೆ, ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ಕಾಯಿ ಬಿರಿಯುವ ಅಂಡೊಡಕದಿಂದಲೂ ಉದುರುತ್ತದೆ. ಈ ಎರಡಕ್ಕೂ ಮೈಲುತುತ್ತದಿಂದ ಯಾವ ಉಪಯೋಗವೂ ಇಲ್ಲ. ನಮ್ಮಲ್ಲಿ ಕರೆ ಬಂದಾಗ ತುಂಬಬೇಕಾದ ನಮೂನೆಯೊಂದಿದೆ. ತೋಟದ ವಯಸ್ಸು, ವಿಸ್ತೀರ್ಣ, ಮಣ್ಣು, ಹಾಕಿದ ಗೊಬ್ಬರ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅದನ್ನು ಸಾಲಾಗಿ ಓದುತ್ತ ಹೋದರೆ ನಾಲ್ಕನೆಯ ಪ್ರಶ್ನೆಗೆ "ಕೇಳಿದ್ದಕ್ಕೆ ಉತ್ತರ ಹೇಳಿ ಮಾರಾಯ್ರೇ" ಎಂಬ ಮಾತು ಬರುವುದು ಖಚಿತ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವಾದ ಮಾತು. ತೋಟದ ವಯಸ್ಸು ಹನ್ನೆರಡೋ ಮೂವತ್ತೋ ಎಂಬುದರಿಂದ ನಾನು ಹೇಳಬೇಕಾದ ಔಷಧಿ ಬದಲಾಗುವುದಿಲ್ಲ. ಬದಲಾಗುವುದು ಒಂದೇ ಸಂಗತಿಯಿಂದ: ಉದುರಿದ ಕಾಯಿಯ ಮೇಲೆ ಏನು ಕಾಣುತ್ತದೆ ಎಂಬುದು. ಅವರು ತೋಟದಲ್ಲೇ ನಿಂತಿದ್ದರು. "ಈಗಷ್ಟೇ ಬಿದ್ದ ಒಂದು ಕಾಯಿ ಹೆಕ್ಕಿ ಹೇಳಿ, ತೊಟ್ಟಿನ ಸುತ್ತ ನೆನೆದ ಹಾಗೆ ಕಡುಹಸಿರು ಕಲೆ ಇದೆಯೋ, ಸಿಪ್ಪೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕಿ ಇದೆಯೋ?" ಎಂದು ಕೇಳಿದೆ. ಕಲೆ ಇರಲಿಲ್ಲ, ಚುಕ್ಕಿಗಳಿದ್ದವು. ಕಾಯಿ ಸೀಳಿಸಿ ಒಳಗೂ ಚುಚ್ಚಿದ ಗುರುತಿರುವುದನ್ನು ಖಚಿತಪಡಿಸಿಕೊಂಡು ತಿಗಣೆಯ ವಿಷಯ ಹೇಳಿದೆ. ಕೇಳುವುದಕ್ಕೆ ಹಿಡಿದದ್ದು ಅರ್ಧ ನಿಮಿಷ. ಕೇಳದೆ ಬೋರ್ಡೋ ಎಂದಿದ್ದರೆ ಆ ಕಾಯಿಗಳು ಉದುರುತ್ತಲೇ ಇರುತ್ತಿದ್ದವು.

ಅದೇ ಪ್ರಶ್ನೆ ಮಧ್ಯಾಹ್ನ ಇನ್ನೊಬ್ಬರಿಂದ ಬಂತು, ಆದರೆ ಸಂದೇಶವಾಗಿ. ಅವರ ಮನೆಯಲ್ಲಿ ಸಿಗ್ನಲ್ ಇಲ್ಲ. ಸಂಜೆ ಹಾಲು ಹಾಕಲು ಡೇರಿಗೆ ಬಂದಾಗ ಮಾತ್ರ ಫೋನ್ ನೋಡುವೆನೆಂದೂ, ನಾಳೆ ಬೆಳಿಗ್ಗೆಯೇ ಕೊನೆಗಾರರು ಬರುವರೆಂದೂ, ಮೊದಲ ಸಿಂಪರಣೆ ಆಗಿ ಆರು ವಾರ ಕಳೆದಿದೆ ಎಂದೂ ಬರೆದಿದ್ದರು. ಇಲ್ಲಿ ನಾನು ಪ್ರಶ್ನೆ ಕೇಳಿದರೆ ಅದು ಅವರಿಗೆ ತಲುಪುವುದು ಸಂಜೆಗೆ, ಅವರು ಕತ್ತಲಲ್ಲಿ ಕಾಯಿ ನೋಡಿ ಉತ್ತರ ಕಳಿಸುವುದು ಮರುದಿನ ಸಂಜೆಗೆ, ಅಷ್ಟರಲ್ಲಿ ಕೊನೆಗಾರರು ಬೇರೆಯವರ ತೋಟದಲ್ಲಿರುತ್ತಾರೆ. ಬೆಳಿಗ್ಗೆ ಕೇಳಿದ ಪ್ರಶ್ನೆಯೇ ಇಲ್ಲಿ ಉಪಕಾರಕ್ಕಿಂತ ತೊಂದರೆಯನ್ನೇ ಮಾಡುತ್ತಿತ್ತು.

ಹಾಗಾಗಿ ಎಣಿಕೆಯೊಂದನ್ನು ಹಿಡಿಯಬೇಕಾಯಿತು. ಯಾವ ಎಣಿಕೆ ಎಂಬುದನ್ನು ಹೆಚ್ಚು ಸಂಭವನೀಯವಾದದ್ದು ಯಾವುದು ಎಂದಷ್ಟೇ ನೋಡಿ ತೀರ್ಮಾನಿಸಲಿಲ್ಲ, ತಪ್ಪಿದರೆ ಯಾವುದು ಕಡಿಮೆ ದುಬಾರಿ ಎಂದೂ ನೋಡಿದೆ. ಕೊಳೆಯೆಂದು ಎಣಿಸಿ ಬೋರ್ಡೋ ಹೊಡೆಸಿದ ಮೇಲೆ ಅದು ತಿಗಣೆಯೆಂದು ತಿಳಿದರೂ, ಎರಡನೆಯ ಸಿಂಪರಣೆ ಹೇಗೂ ಆಗಲೇಬೇಕಿದ್ದುದರಿಂದ, ಕೂಲಿ ವ್ಯರ್ಥವಾಗುವುದಿಲ್ಲ. ತಿಗಣೆಯೆಂದು ಎಣಿಸಿ ಬೋರ್ಡೋ ತಡೆದು, ಅದು ಕೊಳೆಯೇ ಆಗಿದ್ದರೆ, ಮುಂದಿನ ಮಳೆಗೆ ಒಂದು ಗೊನೆಯಿಂದ ಇನ್ನೊಂದು ಗೊನೆಗೆ ಹರಡಿ ಫಸಲಿನ ದೊಡ್ಡ ಪಾಲೇ ನೆಲಕ್ಕೆ ಬೀಳುತ್ತದೆ.

ಬರೆದದ್ದು ಹೀಗೆ: "ನಿಮ್ಮಲ್ಲಿ ಕಾಯಿ ಉದುರುತ್ತಿರುವುದು ಕೊಳೆರೋಗದಿಂದ ಎಂದು ಎಣಿಸಿ ಇದನ್ನು ಬರೆಯುತ್ತಿದ್ದೇನೆ. ನಾಳೆ ಕೊನೆಗಾರರು ಮರ ಹತ್ತುವ ಮೊದಲು ಹೊಸದಾಗಿ ಉದುರಿದ ಹತ್ತು ಕಾಯಿ ಹೆಕ್ಕಿ ನೋಡಿ. ತೊಟ್ಟಿನ ಸುತ್ತ ನೆನೆದಂತಹ ಕಡುಹಸಿರು ಕಲೆ ಇದ್ದರೆ ನನ್ನ ಎಣಿಕೆ ಸರಿ. ಕಲೆ ಇಲ್ಲದೆ ಸಣ್ಣ ಕಪ್ಪು ಚುಕ್ಕಿಗಳಿದ್ದರೆ ಅದು ತಿಗಣೆ. ಆಗಲೂ ಬೋರ್ಡೋ ಹೊಡೆಸಿ, ಆದರೆ ಉದುರುವುದು ಅದರಿಂದ ನಿಲ್ಲದು, ನನಗೆ ತಿಳಿಸಿ. ಕಾಯಿ ಬಿರಿದಿದ್ದರೆ ಬಸಿಗಾಲುವೆ ನೋಡಿ." ಇದಾದ ಮೇಲೆಯೇ ಪ್ರಮಾಣ ಬರೆದೆ. ಎಣಿಕೆಯನ್ನು ಕೊನೆಯಲ್ಲಿಟ್ಟರೆ ಪ್ರಮಾಣ ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸುವವರೇ ಹೆಚ್ಚು. "ಹೊಸದಾಗಿ ಉದುರಿದ" ಎಂದು ಹೇಳಿದ್ದಕ್ಕೂ ಕಾರಣವಿದೆ: ನಾಲ್ಕು ದಿನ ಒದ್ದೆ ನೆಲದಲ್ಲಿ ಬಿದ್ದ ಕಾಯಿ ಯಾವ ಕಾರಣದಿಂದ ಉದುರಿದ್ದರೂ ಬೂಷ್ಟು ಹಿಡಿದಿರುತ್ತದೆ, ಅದನ್ನು ನೋಡಿದರೆ ಎಲ್ಲವೂ ಕೊಳೆಯಂತೆಯೇ ಕಾಣುತ್ತದೆ. "ಕೊಳೆರೋಗವಾಗಿದ್ದಲ್ಲಿ" ಎಂದಷ್ಟೇ ಬರೆದು ಬಿಡುವ ರೂಢಿ ನಮ್ಮವರಲ್ಲಿದೆ. ಅದು ಉತ್ತರ ಕೊಟ್ಟವನನ್ನು ಕಾಯುತ್ತದೆಯೇ ಹೊರತು ಓದುವವರಿಗೆ ತಮ್ಮಲ್ಲಿರುವುದು ಕೊಳೆಯೋ ಅಲ್ಲವೋ ಎಂದು ತಿಳಿಯುವ ದಾರಿ ತೋರಿಸುವುದಿಲ್ಲ.

ಪ್ರಮಾಣದಲ್ಲೂ ಗೊತ್ತಿಲ್ಲದ್ದು ಎರಡಿತ್ತು. ಅವರ ಡ್ರಮ್ಮು ನೂರು ಲೀಟರಿನದೋ ಇನ್ನೂರರದೋ ತಿಳಿಯದು. ಅದಕ್ಕೆ ಡ್ರಮ್ಮಿನ ಲೆಕ್ಕವನ್ನೇ ಬಿಟ್ಟು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ಬರೆದೆ. ಸುಣ್ಣದ ಗುಣ ಎಂಥದೋ ಅದೂ ತಿಳಿಯದು, ಕೇಳಿದರೆ "ಒಳ್ಳೆಯದೇ" ಎನ್ನುವರು, ಏಕೆಂದರೆ ಗಾಳಿ ತಾಗಿ ಸತ್ವ ಕಳೆದುಕೊಂಡ ಸುಣ್ಣವೂ ನೋಡಲು ಬಿಳಿಯೇ. ಇಲ್ಲಿ ಪ್ರಶ್ನೆಯೂ ಬೇಡ, ನನ್ನ ಎಣಿಕೆಯೂ ಬೇಡ, ದ್ರಾವಣವೇ ಹೇಳುತ್ತದೆ. ತುಕ್ಕಿಲ್ಲದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಹತ್ತುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸುತ್ತ ಹೋಗಬೇಕು. ಮರುದಿನ ಸಂಜೆ ಬಂದ ಉತ್ತರದಲ್ಲಿ ಕಲೆ ಇತ್ತೆಂದೂ, ಸುಣ್ಣ ಮಾತ್ರ ಒಂದು ಕಿಲೋಕ್ಕೆ ಮುಗಿಯಲಿಲ್ಲವೆಂದೂ ಇತ್ತು.

ಆ ದಿನದ ಕೊನೆಯ ಕರೆಯಲ್ಲಿ ಮಾತ್ರ ಎಣಿಕೆಗೆ ಎಡೆಯೇ ಇರಲಿಲ್ಲ. ಕಳೆದ ವರ್ಷ ತಂದು ಉಳಿದಿದ್ದ ಒಂದು ಬಾಟಲಿ, ಚೀಟಿ ಹರಿದುಹೋಗಿದೆ, "ಕೊಳೆಗೇ ತಂದದ್ದು ಅಂತ ನೆನಪು, ಲೀಟರಿಗೆ ಎಷ್ಟು ಹಾಕಲಿ?" ಎಂದು ಕೇಳಿದರು. ಮರುದಿನ ಮಳೆ ಬರುವ ಲಕ್ಷಣವಿತ್ತು, ಅವರ ಅವಸರವೂ ಮಧ್ಯಾಹ್ನದವರಷ್ಟೇ ನಿಜವಾದದ್ದು. ಆದರೆ ಇಲ್ಲಿ ನನ್ನ ಎಣಿಕೆಯನ್ನು ಪರೀಕ್ಷಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಬಣ್ಣ ಹೇಳಿ, ವಾಸನೆ ಹೇಳಿ ಎಂದು ಕೇಳುವಂಥ ವಸ್ತುವೂ ಅದಲ್ಲ. ತಪ್ಪಿದರೆ ಕೆಡುವುದು ಫಸಲು ಮಾತ್ರವಲ್ಲ, ಮರದ ಮೇಲಿರುವವನ ಮೈಮೇಲೂ ಅದು ಸುರಿಯುತ್ತದೆ. ಹೆಸರು ತಿಳಿಯದೆ ಪ್ರಮಾಣ ಹೇಳಲಾರೆ, ಅಂಗಡಿಯ ರಸೀದಿ ಇದ್ದರೆ ನೋಡಿ ಎಂದೆ. ಅವರು ರಸೀದಿ ಹುಡುಕಿ ಮತ್ತೆ ಫೋನ್ ಮಾಡಿದರು. ಅದರಲ್ಲಿ ಎರಡು ಔಷಧಿಗಳ ಹೆಸರಿತ್ತು, ಒಂದು ರೋಗದ್ದು, ಇನ್ನೊಂದು ಹುಳುವಿನದು. ಬಾಟಲಿ ಯಾವುದರದ್ದೆಂದು ಅವರಿಗೂ ತಿಳಿಯಲಿಲ್ಲ. ಅದನ್ನು ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಮೈಲುತುತ್ತ ಮತ್ತು ಸುಣ್ಣ ತಂದು ಬೋರ್ಡೋವನ್ನೇ ಮಾಡಿಕೊಳ್ಳಿ ಎಂದು ಹೇಳಿ ಪ್ರಮಾಣ ಬರೆಸಿದೆ.