ದುಂಡು ಪ್ರೊಫೈಲ್ ಫೋಟೋ: ನೆತ್ತಿ ಮೇಲೆ ಎಷ್ಟು ಬಿಡೋದು, ಹೆಗಲು ಎಷ್ಟು ಕತ್ತರಿಸೋದು

ತಂಗಿ ಬಿ.ಕಾಂ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದಾಳೆ. ಲಿಂಕ್ಡ್‌ಇನ್‌ಗೂ ಇನ್ನೊಂದು ಜಾಬ್ ಪೋರ್ಟಲ್‌ಗೂ ಒಂದೇ ಫೋಟೋ ಸಾಕು ಎಂದು ಮನೆ ವರಾಂಡದಲ್ಲಿ ತೆಗೆದೆವು. ಹಿಂದೆ ತಿಳಿ ಬೂದು ಗೋಡೆ, ಮೈಮೇಲೆ ಕಾಟನ್ ಸೀರೆ, ಎಡ ಹೆಗಲ ಮೇಲೆ ಪಿನ್ ಮಾಡಿದ ಸೆರಗು. ಫೋಟೋ ಚೆನ್ನಾಗಿಯೇ ಬಂದಿದೆ. ಕ್ರಾಪ್ ಮಾಡುವುದೇ ಈ ವಾರದ ಕೆಲಸ, ಅದರ ಟಿಪ್ಪಣಿ ಇದು.

ಮೊದಲು ಅಳತೆ

ಫೋಟೋ 3000 x 4000 ಪಿಕ್ಸೆಲ್, ಉದ್ದುದ್ದ ಹಿಡಿದು ತೆಗೆದದ್ದು. ಫೋಟೋ ತಿದ್ದುವ ಗಿಂಪ್‌ನಲ್ಲಿ ತೆರೆದು ಕರ್ಸರ್ ಇಟ್ಟು ನೋಡಿದೆ. ಮೇಲಿನ ಅಂಚಿನಿಂದ ಎಣಿಸಿದರೆ ಕೂದಲಿನ ತುದಿ 900ರಲ್ಲಿ, ಕಣ್ಣು 1320ರಲ್ಲಿ, ಗದ್ದ 1700ರಲ್ಲಿ, ಹೆಗಲಿನ ತುದಿ ಸುಮಾರು 1970ರಲ್ಲಿ. ಅಂದರೆ ತಲೆಯ ಎತ್ತರ 800. ಎರಡು ಹೆಗಲಿನ ನಡುವೆ ಒಟ್ಟು 1550, ಅಂದರೆ ತಲೆ ಎತ್ತರದ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಹೆಚ್ಚಿನವರಲ್ಲಿ ಇದು ಹೀಗೇ ಇರುತ್ತದೆ. ಗದ್ದದಿಂದ ಹೆಗಲಿಗೆ ಇಳಿಯುವ ದೂರವೂ ತಲೆ ಎತ್ತರದ ಮೂರನೇ ಒಂದು ಭಾಗದ ಆಸುಪಾಸು. ತಲೆಯ ನಡು ಎಡ ಅಂಚಿನಿಂದ 1540. ಇದನ್ನು ಮೂಗಿನಿಂದ ಹಿಡಿಯಲಿಲ್ಲ, ಕೂದಲಿನ ಎರಡು ಬದಿಯ ಮಧ್ಯದಿಂದ ಹಿಡಿದೆ. ಮುಖ ಸ್ವಲ್ಪ ತಿರುಗಿದ್ದರೆ ಮೂಗು ಒಂದು ಕಡೆ ಹೋಗಿರುತ್ತದೆ, ಅದನ್ನು ನಡುವಿಗೆ ತಂದರೆ ತಲೆ ಆಚೆ ಸರಿದ ಹಾಗೆ ಕಾಣುತ್ತದೆ.

ಪೋರ್ಟಲ್ ನಿಜವಾಗಿ ದುಂಡಗೆ ಕತ್ತರಿಸುವುದಿಲ್ಲ. ಚೌಕ ಫೋಟೋವನ್ನೇ ಇಟ್ಟುಕೊಂಡು, ತೋರಿಸುವಾಗ ಮಾತ್ರ ಮೂಲೆ ಮುಚ್ಚುತ್ತದೆ. ಚೌಕದ ಸುಮಾರು 21 ಶೇಕಡಾ ಜಾಗ ಆ ನಾಲ್ಕು ಮೂಲೆಗಳಲ್ಲೇ ಹೋಗುತ್ತದೆ. ಮೇಲಿನ ಎರಡು ಮೂಲೆ ಹೋದರೆ ನಷ್ಟವೇನಿಲ್ಲ, ಅಲ್ಲಿ ಬರೀ ಗೋಡೆ ಇರುತ್ತದೆ, ತಲೆಯೂ ದುಂಡಗೇ ಇರುವುದರಿಂದ ವೃತ್ತದೊಳಗೆ ಆರಾಮಾಗಿ ಕೂರುತ್ತದೆ. ಪೆಟ್ಟು ಬೀಳುವುದೆಲ್ಲ ಕೆಳಗಿನ ಮೂಲೆಗಳಲ್ಲಿ, ಅಂದರೆ ಹೆಗಲಿಗೆ. ಹಾಗಾಗಿ ನಾನು ನೆತ್ತಿಯಿಂದ ಶುರು ಮಾಡದೆ ಹೆಗಲಿನಿಂದ ಲೆಕ್ಕ ಹಾಕಿದೆ.

ದೊಡ್ಡ ಚೌಕ, ಚಿಕ್ಕ ಚೌಕ

ಮೊದಲು 2000ದ ಚೌಕ ಇಟ್ಟು ನೋಡಿದೆ, ನೆತ್ತಿ ಮೇಲೆ 15 ಶೇಕಡಾ ಜಾಗ ಬಿಟ್ಟು. ತಲೆ ಚೌಕದ 40 ಶೇಕಡಾ ಆಯಿತು. ಹೆಗಲಿನ ಮಟ್ಟದಲ್ಲಿ ವೃತ್ತದ ಅಗಲ ಸುಮಾರು 1860 ಬರುತ್ತದೆ, ಹೆಗಲು 1550. ಅಂದರೆ ಎರಡೂ ಹೆಗಲು ಪೂರ್ತಿ ಒಳಗೆ, ಅವುಗಳ ಆಚೆಗೂ ಗೋಡೆ. ಪ್ರೊಫೈಲ್ ಪೇಜಿನಲ್ಲಿ ದೊಡ್ಡದಾಗಿ ನೋಡಿದರೆ ಇದು ಚೆಂದವೇ. ಆದರೆ ಮೆಸೇಜ್ ಪಟ್ಟಿಯಲ್ಲಿ, ಹುಡುಕಾಟದ ಫಲಿತಾಂಶದಲ್ಲಿ ಇದೇ ಫೋಟೋ 48 ಪಿಕ್ಸೆಲ್ ಅಥವಾ ಅದರ ಹತ್ತಿರದ ಅಳತೆಯಲ್ಲಿ ಬರುತ್ತದೆ. ಆಗ ತಲೆ 19 ಪಿಕ್ಸೆಲ್. ಕಣ್ಣು, ನಗು ಏನೂ ತಿಳಿಯುವುದಿಲ್ಲ, ಸೀರೆಯ ಬಣ್ಣ ಮಾತ್ರ ಕಾಣುತ್ತದೆ.

ಆಮೇಲೆ 1250ರ ಚೌಕ, ಮೇಲೆ 8 ಶೇಕಡಾ. ಈಗ ತಲೆ 64 ಶೇಕಡಾ, ಮುಖ ಎಷ್ಟು ಚಿಕ್ಕದಾಗಿ ನೋಡಿದರೂ ಸ್ಪಷ್ಟ. ಆದರೆ ಹೆಗಲಿನ ತುದಿ ಇರಬೇಕಾದ ಎತ್ತರದಲ್ಲಿ ವೃತ್ತದ ಅಗಲ ಬರೀ 610 ಉಳಿದಿದೆ. 1550ರ ಹೆಗಲಿನಲ್ಲಿ ಕತ್ತಿನ ಬುಡ ಬಿಟ್ಟರೆ ಏನೂ ಇಲ್ಲ. ನಾಣ್ಯದ ಮೇಲೆ ಒತ್ತಿದ ತಲೆಯ ಹಾಗೆ. ತಂಗಿ ನೋಡಿದವಳೇ, "ಅಣ್ಣಾ, ಸೆರಗೇ ಕಾಣ್ತಿಲ್ವಲ್ಲ, ಇಷ್ಟು ಹೊತ್ತು ನೆರಿಗೆ ಹಿಡಿದು ಪಿನ್ ಹಾಕಿದ್ದು ಯಾತಕ್ಕೆ?" ಎಂದಳು. ಅವಳ ಮಾತು ಸರಿ. ಬಟ್ಟೆ ಕಾಣದಿದ್ದರೆ ಇದು ಆಫೀಸಿನ ಫೋಟೋನಾ, ಮದುವೆ ಮನೆಯಲ್ಲಿ ತೆಗೆದದ್ದಾ ಎಂದು ಗೊತ್ತಾಗುವುದೇ ಇಲ್ಲ.

ಗಡಿಯಾರದ ಲೆಕ್ಕ

ವೃತ್ತವನ್ನು ಗಡಿಯಾರದ ಮುಖ ಎಂದುಕೊಂಡು, ಹೆಗಲಿನ ಇಳಿಜಾರು ಗೆರೆ ಎಷ್ಟು ಗಂಟೆಯ ಹತ್ತಿರ ವೃತ್ತವನ್ನು ದಾಟಿ ಹೊರಗೆ ಹೋಗುತ್ತದೆ ಎಂದು ನೋಡುವುದು ಶೇಕಡಾವಾರು ಎಣಿಸುವುದಕ್ಕಿಂತ ಸುಲಭ. 4 ಮತ್ತು 8 ಗಂಟೆಯ ಜಾಗ ಮೇಲಿನಿಂದ 75 ಶೇಕಡಾದಲ್ಲಿದೆ. 5 ಮತ್ತು 7 ಗಂಟೆ 93 ಶೇಕಡಾದಲ್ಲಿ. ಚಿಕ್ಕ ಚೌಕದಲ್ಲಿ ಹೆಗಲು 5 ಮತ್ತು 7ರ ಹತ್ತಿರ ಹೊರಗೆ ಹೋಗುತ್ತಿತ್ತು, ಅದಕ್ಕೇ ತಲೆ ತೇಲುತ್ತಿತ್ತು. ದೊಡ್ಡದರಲ್ಲಿ ಹೆಗಲು ವೃತ್ತವನ್ನು ಮುಟ್ಟುತ್ತಲೇ ಇರಲಿಲ್ಲ, ಕೆಳಗಿಳಿದ ತೋಳನ್ನು ವೃತ್ತ ಕತ್ತರಿಸುತ್ತಿತ್ತು. 4ಕ್ಕೂ ನಾಲ್ಕೂವರೆಗೂ ನಡುವೆ ಎಲ್ಲೋ ದಾಟಿದರೆ ಹೆಗಲು ಎರಡೂ ಕಡೆ ಅಂಚಿನ ತನಕ ಹರಡಿ, ತಲೆಗೆ ಒಂದು ಬುಡ ಸಿಗುತ್ತದೆ. ಹೆಗಲಿನ ತುದಿ ಹೋಗುತ್ತದೆ, ಹೋಗಲಿ. ಹೆಗಲು ಮುಂದೆಯೂ ಇದೆ ಎಂದು ಕಣ್ಣು ತಾನೇ ಊಹಿಸಿಕೊಳ್ಳುತ್ತದೆ.

ಹಾಗೆ ಬಂದದ್ದು 1500ರ ಚೌಕ. ತಲೆ 53 ಶೇಕಡಾ. 48 ಪಿಕ್ಸೆಲ್‌ನಲ್ಲಿ ತಲೆ 25 ಪಿಕ್ಸೆಲ್ ದಾಟುತ್ತದೆ, ಕಣ್ಣು ಎಲ್ಲಿದೆ, ನಗುತ್ತಿದ್ದಾಳೆ ಅನ್ನುವುದು ತಿಳಿಯುತ್ತದೆ.

ನೆತ್ತಿ ಮೇಲಿನ ಜಾಗ

ಚೌಕದ ಅಳತೆ ನಿಂತ ಮೇಲೆ ಉಳಿದದ್ದು ಅದನ್ನು ಮೇಲೆ ಕೆಳಗೆ ಸರಿಸುವುದು ಮಾತ್ರ. ಇಲ್ಲಿ ಒಂದು ವಿಷಯ ಗಮನಿಸಿ. ನೆತ್ತಿ ಮೇಲೆ ಜಾಸ್ತಿ ಗೋಡೆ ಬಿಟ್ಟಷ್ಟೂ ಹೆಗಲು ಕೆಳಗೆ ಜಾರುತ್ತದೆ, ಜಾರಿದಷ್ಟೂ ಅಲ್ಲಿ ವೃತ್ತವೂ ಕಿರಿದಾಗುತ್ತಾ ಹೋಗುತ್ತದೆ. ನಷ್ಟ ಎರಡು ಕಡೆಯಿಂದ. ಮೇಲೆ 15 ಶೇಕಡಾ ಬಿಟ್ಟರೆ ಹೆಗಲು ನಾಲ್ಕೂವರೆಗೆ ಇಳಿಯುತ್ತದೆ. 10 ಬಿಟ್ಟರೆ ನಾಲ್ಕೂಕಾಲಿನ ಹತ್ತಿರ. 6 ಬಿಟ್ಟರೆ ಹೆಚ್ಚುಕಡಿಮೆ ನಾಲ್ಕಕ್ಕೆ.

ಹಾಗಾದರೆ 6 ಇಡಬಹುದಲ್ಲ ಅನ್ನಿಸುತ್ತದೆ. ಆದರೆ 48 ಪಿಕ್ಸೆಲ್‌ನಲ್ಲಿ 6 ಶೇಕಡಾ ಎಂದರೆ 3 ಪಿಕ್ಸೆಲ್ ಕೂಡ ಪೂರ್ತಿ ಇಲ್ಲ. ತಲೆಯೂ ದುಂಡು, ಚೌಕಟ್ಟೂ ದುಂಡು. ಎರಡು ಗೆರೆ ಅತಿ ಹತ್ತಿರ ಬರುವುದು ನೆತ್ತಿಯ ಒಂದೇ ಬಿಂದುವಿನಲ್ಲಿ, ಅಲ್ಲಿ ಕೂದಲು ಅಂಚಿಗೆ ಅಂಟಿದ ಹಾಗೆ ಕಾಣುತ್ತದೆ. ಚೌಕ ಫೋಟೋದಲ್ಲಿ ಇದು ಇಷ್ಟು ಕಣ್ಣಿಗೆ ಬೀಳುವುದಿಲ್ಲ. ಒಂದೋ ಕಾಣುವಷ್ಟು ಜಾಗ ಬಿಡಬೇಕು, ಇಲ್ಲವೇ ಕೂದಲನ್ನು ಬೇಕೆಂದೇ ಕತ್ತರಿಸಬೇಕು. ಮುಟ್ಟಿಯೂ ಮುಟ್ಟದ ಹಾಗೆ ಬಿಡುವುದು ಮಾತ್ರ ಬೇಡ.

8ಕ್ಕೆ ನಿಲ್ಲಿಸಿದೆ. ಚೌಕದ ಮೇಲಂಚು 780ರಲ್ಲಿ ಕೂರುತ್ತದೆ. ಕಣ್ಣು 36 ಶೇಕಡಾದಲ್ಲಿ, ಗದ್ದ 61ರಲ್ಲಿ. ಸೆರಗಿನ ಅಂಚು ಕತ್ತಿನ ಪಕ್ಕದಿಂದ ಓರೆಯಾಗಿ ಹೋಗಿ ವೃತ್ತದ ಹೊರಗೆ ದಾಟುತ್ತದೆ. ತಂಗಿ ಒಪ್ಪಿದಳು. ತುರುಬು ಎತ್ತರಕ್ಕೆ ಕಟ್ಟಿದ್ದರೆ, ಅಥವಾ ಪೇಟ ಇದ್ದರೆ, ಅದರ ತುದಿಯನ್ನೇ ನೆತ್ತಿ ಎಂದು ಅಳೆಯಬೇಕಾಗುತ್ತಿತ್ತು. ಆಗ ಮುಖ ಚಿಕ್ಕದಾಗುತ್ತದೆ, ಕಣ್ಣು ಕೆಳಗೆ ಬರುತ್ತದೆ, ಲೆಕ್ಕ ಬೇರೆ.

ಕಮಾಂಡ್

ಗಿಂಪ್‌ನಲ್ಲೇ ಮಾಡಬಹುದು. ನನಗೆ ಕಮಾಂಡ್ ಟೈಪ್ ಮಾಡಿ ಓಡಿಸುವ ಇಮೇಜ್‌ಮ್ಯಾಜಿಕ್ ರೂಢಿ, ಅಂಕಿ ಬದಲಿಸಿ ಮತ್ತೆ ಓಡಿಸಿದರೆ ಆಯಿತು. ಎಡದಿಂದ 790 ಬಂದದ್ದು 1540ರಲ್ಲಿ ಚೌಕದ ಅರ್ಧವಾದ 750 ಕಳೆದು.

```
magick tangi.jpg -auto-orient -crop 1500x1500+790+780 +repage -resize 800x800 -quality 90 dp.jpg
```

`-auto-orient` ಬಿಡಬೇಡಿ. ಫೋನಿನಲ್ಲಿ ಉದ್ದುದ್ದ ತೆಗೆದ ಫೋಟೋ ಎಷ್ಟೋ ಸಲ ಫೈಲಿನೊಳಗೆ ಅಡ್ಡಡ್ಡವಾಗಿಯೇ ಇರುತ್ತದೆ, ತಿರುಗಿಸಿ ತೋರಿಸು ಎಂಬ ಗುರುತು ಮಾತ್ರ ಜೊತೆಗಿರುತ್ತದೆ. ಮೊದಲು ತಿರುಗಿಸದೆ ಕ್ರಾಪ್ ಮಾಡಿದರೆ ನೀವು ಅಳೆದ ಅಂಕಿಗೂ ಕತ್ತರಿಸಿದ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ತಲೆಯ ಬದಲು ಗೋಡೆ ಬಂದರೆ ಇದೇ ಕಾರಣ ಎಂದು ತಿಳಿಯಿರಿ.

ಏರಿಸುವ ಮೊದಲು ನೋಡಲು ಒಂದು ಎಚ್‌ಟಿಎಂಎಲ್ ಫೈಲ್ ಸಾಕು. ಅಗಲ ಎತ್ತರ ಬದಲಿಸಿ ಇದೇ ಸಾಲನ್ನು ಇನ್ನೊಮ್ಮೆ ಹಾಕಿ ಪಕ್ಕಪಕ್ಕ ನೋಡಿದೆ.

```
<img src="dp.jpg" style="width:48px;height:48px;border-radius:50%">
```

ಇಲ್ಲೇ ಗೋಡೆಯ ಬಣ್ಣದ ಬೆಲೆಯೂ ಗೊತ್ತಾಯಿತು. ಸುಮ್ನೆ ಪರೀಕ್ಷೆಗೆ ಹಿನ್ನೆಲೆಯನ್ನು ಅಚ್ಚ ಬಿಳಿ ಮಾಡಿದೆ. ಬಿಳಿ ಪೇಜಿನಲ್ಲಿ ವೃತ್ತದ ಅಂಚೇ ಮಾಯ. ನೆತ್ತಿ ಮೇಲೆ ಬಿಟ್ಟ ಜಾಗಕ್ಕೆ ಅರ್ಥವಿಲ್ಲ, ಹೆಗಲು ಮಾತ್ರ ಕೆಳಗೆ ಕತ್ತರಿಯಲ್ಲಿ ದುಂಡಗೆ ಕತ್ತರಿಸಿದಂತೆ ಉಳಿಯಿತು. ಬೂದು ಗೋಡೆಗೇ ವಾಪಸ್.

ಏರಿಸಿದ ಮೇಲೆ

ಲಿಂಕ್ಡ್‌ಇನ್‌ನಲ್ಲಿ ಜೂಮ್ ಮುಟ್ಟದೆ ಹಾಗೇ ಉಳಿಸಿದೆ, ಸರಿಯಾಗಿ ಕೂತಿತು. `#OPENTOWORK` ಹಸಿರು ಪಟ್ಟಿ ಹಾಕಿದರೆ ಅದು ಫೋಟೋದ ಮೇಲೆಯೇ, ವೃತ್ತದ ಕೆಳಭಾಗದಲ್ಲಿ ಬರುತ್ತದೆ. ಗದ್ದ 61ರಲ್ಲಿರುವುದರಿಂದ ಮುಖಕ್ಕೆ ತೊಂದರೆ ಇಲ್ಲ, ಸೀರೆಯ ಸ್ವಲ್ಪ ಭಾಗ ಮುಚ್ಚುತ್ತದೆ ಅಷ್ಟೇ.

ಇನ್ನೊಂದು ಪೋರ್ಟಲ್‌ನಲ್ಲಿ ಕ್ರಾಪ್ ಮಾಡುವ ಅವಕಾಶವೇ ಇಲ್ಲ. ಪೂರ್ತಿ ಫೋಟೋ ಕೊಟ್ಟರೆ ಅದು ತಾನೇ ನಟ್ಟನಡುವಿನ 3000ದ ಚೌಕ ತೆಗೆದುಕೊಳ್ಳುತ್ತದೆ, ತಲೆ ಬರೀ 27 ಶೇಕಡಾ ಆಗುತ್ತದೆ, ಮುಖವನ್ನು ಹುಡುಕಬೇಕು. ಚೌಕ ಮಾಡಿದ ಫೈಲನ್ನೇ ಕೊಟ್ಟರೆ ಅದಕ್ಕೆ ಕತ್ತರಿಸಲು ಏನೂ ಉಳಿಯುವುದಿಲ್ಲ. ಅಲ್ಲಿಂದ ಡೌನ್‌ಲೋಡ್ ಆದ ರೆಸ್ಯೂಮೆಯಲ್ಲಿ ಅದೇ ಫೋಟೋ ಚೌಕವಾಗಿ ಬಂತು, ಮೂಲೆಗಳ ಸಮೇತ. ಆದ್ದರಿಂದ ದುಂಡಗೆ ಕತ್ತರಿಸಿದ ಪಿಎನ್‌ಜಿ ಕೊಡಬೇಡಿ. ಮೂಲೆಯಲ್ಲಿ ಕಪ್ಪೋ ಬಿಳಿಯೋ ತುಂಬಿಕೊಂಡು ಬರುತ್ತದೆ.

ಮುಂದಿನದು

ಈಗ ಭಾವನ ಫೋಟೋ ಬಂದಿದೆ. ಕೂದಲಿನ ತುದಿ ಫೋಟೋದ ಮೇಲಂಚಿಗೆ ಹೆಚ್ಚುಕಡಿಮೆ ತಾಗಿದೆ, ಬಿಡಲು ಜಾಗವೇ ಇಲ್ಲ. ಮೇಲೆ ಕ್ಯಾನ್ವಾಸ್ ಹಿಗ್ಗಿಸಿ ಗೋಡೆಯ ಬಣ್ಣ ತುಂಬುವ ಯೋಚನೆ ಇದೆ. ಲೆಕ್ಕ ಹಾಕಿದರೆ ಇದು ಅಷ್ಟೇನೂ ಕಷ್ಟವಲ್ಲ: ಮೇಲಿನ 8 ಶೇಕಡಾ ಪಟ್ಟಿಯಲ್ಲಿ ವೃತ್ತದೊಳಗೆ ಕಾಣುವುದು ಸಣ್ಣ ಟೋಪಿಯಷ್ಟು ಜಾಗ, ಇಡೀ ವೃತ್ತದ 4 ಶೇಕಡಾಕ್ಕಿಂತ ಕಡಿಮೆ. ಚೌಕವಾಗಿ ತೋರಿಸುವ ಕಡೆಗೂ ಸರಿಹೋಗಬೇಕಾದ್ದರಿಂದ ಪೂರ್ತಿ ಅಗಲಕ್ಕೇ ತುಂಬುತ್ತೇನೆ. ಅವರ ಗೋಡೆಯ ಮೇಲೆ ಎಡದಿಂದ ಬಲಕ್ಕೆ ಬೆಳಕು ಕಡಿಮೆಯಾಗುತ್ತಾ ಹೋಗಿದೆ. ಒಂದೇ ಬಣ್ಣ ಬಳಿದರೆ ಗೆರೆ ಕಾಣುತ್ತದೆ, ಎರಡು ತುದಿಯಿಂದ ಬಣ್ಣ ಎತ್ತಿ ಗ್ರೇಡಿಯಂಟ್ ಹಾಕಿ ನೋಡಬೇಕು.