ಹಿಮ್ಮಡಿ ನೋವು ಮತ್ತು ದಿನಬಳಕೆಯ ಪಾದರಕ್ಷೆ: 14 ವಾರಗಳ ದಾಖಲೆ

ಆರಂಭದ ಸ್ಥಿತಿ

ಬಲಗಾಲಿನ ಹಿಮ್ಮಡಿ ನೋಯಲು ಶುರುವಾಗಿ ನಾಲ್ಕು ತಿಂಗಳಾದ ಮೇಲೆ ಈ ದಾಖಲೆಯನ್ನು ಬರೆಯತೊಡಗಿದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹನ್ನೆರಡು ಹೆಜ್ಜೆಗಳಲ್ಲಿ ಮೊಳೆ ಚುಚ್ಚಿದಂತಹ ನೋವಿರುತ್ತಿತ್ತು. ಸ್ವಲ್ಪ ಓಡಾಡಿದ ಮೇಲೆ ಅದು ಮಂದವಾಗಿ, ಬಹಳ ಹೊತ್ತು ಕುಳಿತು ಎದ್ದಾಗ ಮತ್ತೆ ಮರುಕಳಿಸುತ್ತಿತ್ತು. ದಿನಕ್ಕೆ ನಾಲ್ಕೈದು ಗಂಟೆ ನಿಂತು ಪಾಠ ಮಾಡುವ ಕೆಲಸ ನನ್ನದಾದ್ದರಿಂದ ಸಂಜೆಯ ಹೊತ್ತಿಗೆ ಇನ್ನೊಂದು ಬಗೆಯ ನೋವು, ಇಡೀ ಹಿಮ್ಮಡಿ ಜಜ್ಜಿದಂತಾಗುವ ನೋವು, ಅದರ ಜೊತೆ ಸೇರಿಕೊಳ್ಳುತ್ತಿತ್ತು. ಫಿಸಿಯೋಥೆರಪಿಸ್ಟ್ ಹಿಮ್ಮಡಿಯ ಮಧ್ಯಭಾಗವನ್ನು ಬಿಟ್ಟು, ಅದರ ಒಳಬದಿಯಲ್ಲಿ, ಅಂಗಾಲಿನ ಕಮಾನು ಆರಂಭವಾಗುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅದು ಪ್ಲಾಂಟರ್ ಫೇಸಿಯೈಟಿಸ್ ಎಂದು ಅವರು ಹೇಳಿದರು. ಅಂದರೆ ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ಹಾದುಹೋಗುವ ಗಟ್ಟಿ ನಾರುಪಟ್ಟಿಯು ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ಆಗಿರುವ ಹಾನಿ. ಕಾಲು ಜೋಮು ಹಿಡಿಯುವುದು, ಊತ, ಮಲಗಿದ್ದಾಗಲೂ ಬಿಡದ ನೋವು, ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದರೆ ಬರುವ ನೋವು ಇವುಗಳನ್ನು ಅವರು ಒಂದೊಂದಾಗಿ ಕೇಳಿ, ಪರೀಕ್ಷಿಸಿ ಬದಿಗಿಟ್ಟರು. ಇವುಗಳಲ್ಲಿ ಒಂದಾದರೂ ಇರುವವರು ಚಪ್ಪಲಿ ಬದಲಿಸುವ ಮೊದಲು ವೈದ್ಯರ ಬಳಿಗೆ ಹೋಗುವುದು ಒಳ್ಳೆಯದು.

ನಾನು ಹಾಕಿಕೊಂಡ ನಿಯಮ ಸರಳವಾಗಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮೀನಖಂಡ ಮತ್ತು ಅಂಗಾಲನ್ನು ಎಳೆಯುವ ವ್ಯಾಯಾಮವನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಪ್ರಮಾಣದಲ್ಲಿ ಮಾಡಬೇಕು. ದಿನಕ್ಕೆ ಎರಡು ಅಂಕಿಗಳನ್ನು ಮಾತ್ರ ಬರೆಯಬೇಕು. ಒಂದು, ಬೆಳಗಿನ ಮೊದಲ ಹೆಜ್ಜೆಗಳ ನೋವು. ಇನ್ನೊಂದು, ಸಂಜೆ ಪಾದರಕ್ಷೆ ಕಳಚುವಾಗಿನ ನೋವು. ಎರಡಕ್ಕೂ 0ಯಿಂದ 10ರವರೆಗಿನ ಅಳತೆ. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂಬ ಬುದ್ಧಿ ಹೇಗೋ ಮೊದಲೇ ಬಂತು. ಒಂದೇ ಅಂಕಿ ಬರೆದಿದ್ದರೆ ಮುಂದೆ ಕಂಡದ್ದರಲ್ಲಿ ಅರ್ಧವೂ ಕಾಣುತ್ತಿರಲಿಲ್ಲ.

1–2ನೇ ವಾರ: ಹಳೆಯ ಮೆತ್ತನೆಯ ಚಪ್ಪಲಿ

ಈ ಎರಡು ವಾರ ಏನನ್ನೂ ಬದಲಿಸದೆ, ವರ್ಷದಿಂದ ತೊಡುತ್ತಿದ್ದ ಮೆತ್ತನೆಯ ಫೋಮ್ ಚಪ್ಪಲಿಯಲ್ಲೇ ಕಳೆದೆ. ಬೆಳಿಗ್ಗೆ 6ರಿಂದ 7, ಸಂಜೆ 5ರಿಂದ 6. ಹಿಮ್ಮಡಿ ನೋವಿಗೆ ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ನಂಬಿ ನಾನೇ ಆರಿಸಿ ತಂದ ಚಪ್ಪಲಿ ಅದು. ಸ್ಕೇಲ್ ಹಿಡಿದು ನೋಡಿದಾಗ ಹಿಮ್ಮಡಿಯ ಅಂಚಿನಲ್ಲಿ ಫೋಮ್ 24 ಮಿಲಿಮೀಟರ್ ದಪ್ಪವಿತ್ತು. ಹಿಮ್ಮಡಿ ಕೂರುವ ಗುಳಿಯ ನಡುವೆ 15 ಮಾತ್ರ ಉಳಿದಿತ್ತು. ಆ ಗುಳಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಆರಂಭದಲ್ಲಿ ಸುಲಭವಾಗಿ ತಗ್ಗಿ, ಒಂದು ಹಂತದ ನಂತರ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅಂದರೆ ನನ್ನ ತೂಕ ಬಿದ್ದೊಡನೆ ಫೋಮ್ ಪೂರ್ತಿ ಕುಸಿದು, ಅದರ ಕೆಳಗೆ ಮೆತ್ತನೆಯೆನ್ನುವುದೇ ಉಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡುವ ಮೆತ್ತನೆಗೂ ಇಡೀ ದೇಹದ ತೂಕದಡಿ ಉಳಿಯುವ ಮೆತ್ತನೆಗೂ ಬಹಳ ವ್ಯತ್ಯಾಸವಿದೆ.

3–5ನೇ ವಾರ: ಹಿಮ್ಮಡಿಯ ಮೆತ್ತೆ

ಬಟ್ಟೆಯ ಮೇಲ್ಭಾಗವಿರುವ, ತೆಳುವಾದ, ಸುಲಭವಾಗಿ ಬಾಗುವ ಶೂ ಒಂದಕ್ಕೆ ಸಿಲಿಕೋನ್ ಹೀಲ್ ಕಪ್ ಹಾಕಿಕೊಂಡೆ. ಒಂದೇ ಕಾಲಿಗೆ ಹಾಕಿದರೆ ಎರಡು ಕಾಲುಗಳ ಎತ್ತರ ಬದಲಾಗುತ್ತದೆಯಾದ್ದರಿಂದ ನೋವಿಲ್ಲದ ಎಡಗಾಲಿಗೂ ಹಾಕಿದೆ. ಕಪ್ಪಿನ ತಳ 6 ಮಿಲಿಮೀಟರ್; ಸುತ್ತಲಿನ ಅಂಚು ಅದಕ್ಕಿಂತ ಎತ್ತರ. ಆ ಅಂಚೇ ಅದರ ಮುಖ್ಯ ಭಾಗವೆಂದು ನನಗೀಗ ಅನಿಸುತ್ತದೆ. ಹಿಮ್ಮಡಿ ಮೂಳೆಯ ಕೆಳಗೆ ಪ್ರಕೃತಿಯೇ ಕೊಟ್ಟ ಕೊಬ್ಬಿನ ಮೆತ್ತೆಯೊಂದಿದ್ದು, ಚಪ್ಪಟೆ ಚಪ್ಪಲಿಯಲ್ಲಿ ಅದು ಪಕ್ಕಕ್ಕೆ ಹರಡಿ ತೆಳುವಾಗುತ್ತದೆ; ಬಟ್ಟಲಿನಂತಹ ಅಂಚು ಅದನ್ನು ಮೂಳೆಯಡಿಯೇ ಒಟ್ಟಿಗೆ ಹಿಡಿದಿಡುತ್ತದೆ.

ಸಂಜೆಯ ಅಂಕಿ ಒಂದೇ ವಾರದಲ್ಲಿ 3ಕ್ಕೆ ಇಳಿಯಿತು. ಬೆಳಗಿನದು ಮಾತ್ರ 6ರ ಆಸುಪಾಸಿನಲ್ಲೇ ಉಳಿಯಿತು. ಮೂರು ವಾರ ಕಾದರೂ ಕದಲಲಿಲ್ಲ. ನಿಂತಾಗಿನ ಜಜ್ಜಿದ ನೋವು ಒತ್ತಡದ್ದು, ಬೆಳಗಿನ ಚುಚ್ಚುವ ನೋವು ಎಳೆತದ್ದು ಎಂಬ ಅನುಮಾನ ಹುಟ್ಟಿದ್ದು ಇಲ್ಲಿಯೇ. ಮೆತ್ತೆ ಒತ್ತಡವನ್ನು ಹಂಚಬಲ್ಲದೇ ಹೊರತು ನಾರುಪಟ್ಟಿಯ ಎಳೆತವನ್ನು ತಗ್ಗಿಸಲಾರದು.

6–8ನೇ ವಾರ: ಕಮಾನಿನ ಆಸರೆ, ಒಂದು ತಪ್ಪಿನೊಂದಿಗೆ

ಅದೇ ಶೂವಿನಲ್ಲಿ ಹೀಲ್ ಕಪ್ ತೆಗೆದು, ಕಮಾನಿನ ಉಬ್ಬು ಮತ್ತು ಆಳವಾದ ಹಿಮ್ಮಡಿ ಬಟ್ಟಲು ಎರಡೂ ಇರುವ ಸಿದ್ಧ ಇನ್‌ಸೋಲ್ ಹಾಕಿದೆ. ಮೂರನೆಯ ದಿನಕ್ಕೆ ಅಂಗಾಲಿನ ನಡುವೆ, ಮೊದಲೆಂದೂ ನೋಯದಿದ್ದ ಜಾಗದಲ್ಲಿ, ಉರಿ ಶುರುವಾಯಿತು. ಹೊಸ ಇನ್‌ಸೋಲ್‌ಗೆ ಕಾಲು ಒಗ್ಗಿಕೊಳ್ಳಲು ಸಮಯ ಬೇಕು ಎಂಬ ಮಾತನ್ನು ನಂಬಿ ಒಂಬತ್ತು ದಿನ ಹಲ್ಲು ಕಚ್ಚಿ ತೊಟ್ಟೆ. ಬೆಳಗಿನ ಅಂಕಿ 7ಕ್ಕೆ ಏರಿತು.

ಹತ್ತನೆಯ ದಿನ ಪಾದವನ್ನು ಕಾಗದದ ಮೇಲಿಟ್ಟು ಅಳೆದೆ. ಹಿಮ್ಮಡಿಯ ಹಿಂಬದಿಯಿಂದ ಉದ್ದನೆಯ ಬೆರಳಿನ ತುದಿಗೆ 252 ಮಿಲಿಮೀಟರ್. ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗೆಣ್ಣಿಗೆ 176. ನನ್ನ ಬೆರಳುಗಳು ಉದ್ದ, ಹಾಗಾಗಿ ಕಮಾನು ಗಿಡ್ಡ. ಇನ್‌ಸೋಲನ್ನಾದರೋ ನಾನು ಶೂವಿನ ಅಳತೆ ನೋಡಿ, ಸಾಲದಾದರೆ ಕಷ್ಟವೆಂದು ಒಂದು ಅಳತೆ ದೊಡ್ಡದನ್ನೇ ತಂದು, ಬೆರಳಿನ ತುದಿಯಲ್ಲಿ ಕತ್ತರಿಸಿ ಕೂರಿಸಿದ್ದೆ. ಮುಂದಿನ ತುದಿಯನ್ನು ಎಷ್ಟು ಕತ್ತರಿಸಿದರೂ ಕಮಾನಿನ ಉಬ್ಬು ಹಿಂದಕ್ಕೆ ಸರಿಯುವುದಿಲ್ಲವಲ್ಲ. ಅದರ ಶಿಖರ ನನ್ನ ಕಮಾನಿನ ಎತ್ತರದ ಜಾಗಕ್ಕಿಂತ ಸುಮಾರು ಒಂದು ಬೆರಳಿನ ಅಗಲದಷ್ಟು ಮುಂದೆ ಬಿದ್ದು, ಅಂಗಾಲಿನ ನಾರುಪಟ್ಟಿಯನ್ನೇ ಕೆಳಗಿನಿಂದ ಒತ್ತುತ್ತಿತ್ತು. ಇದನ್ನು ಖಚಿತಪಡಿಸಿಕೊಳ್ಳಲು ಇನ್‌ಸೋಲ್ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಒಣ ಬರಿಗಾಲಿನಲ್ಲಿ ಅದರ ಮೇಲೆ ನಿಂತು ಇಳಿದೆ. ಪುಡಿ ದಟ್ಟವಾಗಿ ಅಂಟಿದ್ದು ಕಮಾನಿನ ಒಳಪಕ್ಕಕ್ಕಲ್ಲ, ಹೆಬ್ಬೆರಳ ಗೆಣ್ಣಿನ ಹಿಂದಿನ ಮಾಂಸಲ ಭಾಗಕ್ಕೆ.

ಒಂದು ಅಳತೆ ಚಿಕ್ಕದಾದ ಇನ್‌ಸೋಲ್ ತಂದೆ. ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಖಾಲಿ ಉಳಿದರೂ ಹಿಮ್ಮಡಿ ಬಟ್ಟಲಿನಲ್ಲಿ ಸರಿಯಾಗಿ ಕೂತು ಉಬ್ಬು ತನ್ನ ಜಾಗಕ್ಕೆ ಬಂತು. ಸರಿಯಾದ ಕಮಾನಿನ ಆಸರೆ ನಿಂತಾಗ ಹೆಚ್ಚುಕಡಿಮೆ ಗೊತ್ತೇ ಆಗಬಾರದು, ಉಂಡೆಯೊಂದರ ಮೇಲೆ ನಿಂತಂತೆ ಅನಿಸಿದರೆ ಅದು ಎತ್ತರ ಹೆಚ್ಚಾಗಿದೆ ಇಲ್ಲವೇ ತಪ್ಪು ಜಾಗದಲ್ಲಿದೆ ಎಂದರ್ಥ. 8ನೇ ವಾರದ ಕೊನೆಗೆ ಬೆಳಿಗ್ಗೆ 5, ಸಂಜೆ 3. ಇಳಿಕೆ ನಿಜ, ಆದರೆ ನಿರೀಕ್ಷಿಸಿದಷ್ಟಲ್ಲ.

9–11ನೇ ವಾರ: ಬಾಗದ ಸೋಲ್

ಈ ಹಂತದಲ್ಲಿ ಫಿಸಿಯೋಥೆರಪಿಸ್ಟ್ ಮಾಡಿಸಿದ ಒಂದು ಸಣ್ಣ ಪ್ರಯೋಗವನ್ನು ಇಲ್ಲಿ ಬರೆಯಲೇಬೇಕು. ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಬೇರೆಯವರಿಂದ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿಸಿದರೆ, ನಾವೇನೂ ಮಾಡದೆಯೇ ಪಾದದ ಕಮಾನು ಮೇಲೇಳುತ್ತದೆ. ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡಂತೆ ಅಂಗಾಲಿನ ನಾರುಪಟ್ಟಿ ಬೆರಳಿನ ಗೆಣ್ಣನ್ನು ಸುತ್ತಿ ಬಿಗಿಯಾಗುವುದೇ ಇದಕ್ಕೆ ಕಾರಣ. 1954ರಲ್ಲಿ ಹಿಕ್ಸ್ ಎಂಬವರು ಇದನ್ನು ವಿಂಡ್‌ಲಾಸ್ ಕ್ರಿಯೆ ಎಂದು ವಿವರಿಸಿದರು. ನಡೆಯುವಾಗ ಹಿಮ್ಮಡಿ ಎದ್ದು ಬೆರಳುಗಳು ಬಾಗುವ ಪ್ರತಿ ಹೆಜ್ಜೆಯಲ್ಲೂ ಇದು ನಡೆಯುತ್ತದೆ, ಮತ್ತು ಆ ಎಳೆತದ ಇನ್ನೊಂದು ತುದಿ ಇರುವುದು ಹಿಮ್ಮಡಿಯ ನೋಯುವ ಜಾಗದಲ್ಲಿ. "ನಿಮ್ಮ ಶೂ ಪೂರ್ತಿ ಮಡಚಿಕೊಳ್ಳುತ್ತೆ, ಹಾಗಾಗಿ ಬೆರಳೂ ಪೂರ್ತಿ ಬಾಗುತ್ತೆ. ಮೆತ್ತೆ ಎಷ್ಟು ಹಾಕಿದರೂ ಅದು ನಿಲ್ಲಲ್ಲ, ನೋಡಿ," ಎಂದರು ಅವರು.

ಹೊಸ ಶೂ ಆರಿಸುವಾಗ ಎರಡು ಪರೀಕ್ಷೆಗಳನ್ನು ಮಾಡಿದೆ. ಹಿಮ್ಮಡಿಯ ಭಾಗವನ್ನು ಹಿಡಿದು ತುದಿಯನ್ನು ಮೇಜಿಗೆ ಒತ್ತಿದಾಗ ಶೂ ಬೆರಳುಗಳ ಬುಡದಲ್ಲಿ ಮಾತ್ರ, ಅದೂ ಬಲ ಹಾಕಿದರೆ ಸ್ವಲ್ಪವೇ, ಬಾಗಬೇಕು; ನಡುವೆ, ಕಮಾನಿನ ಕೆಳಗೆ, ಬಾಗಿದರೆ ಅದನ್ನು ಅಲ್ಲಿಗೇ ಬಿಡಬೇಕು. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದರೆ ಅದು ಪ್ರತಿರೋಧ ಒಡ್ಡಬೇಕು. ನನ್ನ ಬಟ್ಟೆಯ ಶೂ ಎರಡರಲ್ಲೂ ಸೋತಿತು. ಅದನ್ನು ಸುರುಳಿ ಸುತ್ತಿ ಕಿಸೆಗೆ ಹಾಕಬಹುದಿತ್ತು. ತಂದ ಶೂವಿನ ಸೋಲ್ ಗಡುಸಾಗಿದ್ದು, ಮುಂಭಾಗ ದೋಣಿಯ ತಳದಂತೆ ಕೊಂಚ ಮೇಲಕ್ಕೆ ಬಾಗಿದೆ. ಹೀಗಾಗಿ ಬೆರಳು ಬಾಗದೆಯೇ ಹೆಜ್ಜೆ ಮುಂದಕ್ಕೆ ಉರುಳುತ್ತದೆ. ಹಿಮ್ಮಡಿ ಮುಂಭಾಗಕ್ಕಿಂತ 10 ಮಿಲಿಮೀಟರ್ ಎತ್ತರವಿರುವುದರಿಂದ ಮೀನಖಂಡದ ಬಿಗಿತವೂ ತುಸು ಸಡಿಲವಾಗುತ್ತದೆ. ಹಿಂದಿನ ಇನ್‌ಸೋಲನ್ನೇ ಇದಕ್ಕೆ ವರ್ಗಾಯಿಸಿದೆ.

ಮೊದಲ ವಾರ ಇದು ಹಿತವಾಗಿರಲಿಲ್ಲ ಎಂಬುದನ್ನು ಮುಚ್ಚಿಡಲಾರೆ. ಮೆಟ್ಟಿಲು ಹತ್ತುವಾಗ ಸೋಲ್ ಬಾಗದೆ ಹಿಮ್ಮಡಿ ಶೂವಿನಿಂದ ಮೇಲೆ ಜಾರುತ್ತಿತ್ತು. ಲೇಸನ್ನು ಕಣಕಾಲಿನ ಬಳಿಯ ಕೊನೆಯ ರಂಧ್ರದವರೆಗೂ ಹಾಕಿ ಬಿಗಿದ ಮೇಲೆ ಅದು ನಿಂತಿತು. ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಐದು ದಿನ ನೋಯಿತು. ಆದರೆ 10ನೇ ವಾರದಲ್ಲಿ ಬೆಳಗಿನ ಅಂಕಿ 4ಕ್ಕೆ, 11ರಲ್ಲಿ 3ಕ್ಕೆ ಬಂತು. ಸಂಜೆಯದು 2.

12ನೇ ವಾರ: ಹಿಂದಕ್ಕೊಂದು ಹೆಜ್ಜೆ

ಈ ನೋವು ಹಲವರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ತಗ್ಗುತ್ತದೆ. ಹಾಗಿದ್ದ ಮೇಲೆ ಇಳಿಕೆಯ ಶ್ರೇಯ ಶೂವಿನದೋ ಕಾಲದ್ದೋ ಎಂಬ ಪ್ರಶ್ನೆ ಕಾಡಿತು. ಆದ್ದರಿಂದ ನಾಲ್ಕು ದಿನ ಅದೇ ಇನ್‌ಸೋಲನ್ನು ಹಳೆಯ ಬಾಗುವ ಬಟ್ಟೆಯ ಶೂವಿಗೆ ಹಾಕಿ, ಎಂದಿನಷ್ಟೇ ಓಡಾಡಿದೆ. ಸಂಜೆಯ ಅಂಕಿ ಹೆಚ್ಚು ಬದಲಾಗಲಿಲ್ಲ. ಬೆಳಗಿನದು ಎರಡನೆಯ ದಿನ 4, ನಾಲ್ಕನೆಯ ದಿನ 5. ಮತ್ತೆ ಗಡುಸು ಸೋಲಿಗೆ ಮರಳಿದ ಮೇಲೆ 3ಕ್ಕೆ ಇಳಿಯಲು ಎಂಟು ದಿನ ಬೇಕಾಯಿತು. ನನ್ನೊಬ್ಬನ ಒಂದು ಕಾಲಿನ ಮಾತು ಇದಾದರೂ, ನನ್ನ ಮಟ್ಟಿಗೆ ಅನುಮಾನ ಉಳಿಯಲಿಲ್ಲ. ಹಿಮ್ಮಡಿಯ ನಟ್ಟನಡುವೆ ನೋವಿದ್ದು, ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ನಡೆದಷ್ಟೂ ಹೆಚ್ಚಾಗುವವರಲ್ಲಿ ತೊಂದರೆ ಕೊಬ್ಬಿನ ಮೆತ್ತೆಯದ್ದಾಗಿರಬಹುದು. ಅವರಿಗೆ ಈ ಲೆಕ್ಕ ತಿರುಗಿ, ಬಟ್ಟಲಿನಂತಹ ಮೆತ್ತೆಯೇ ಮೊದಲ ಆಯ್ಕೆಯಾದೀತು.

13–14ನೇ ವಾರ: ಮನೆಯೊಳಗಿನ ಹೆಜ್ಜೆಗಳು

ಹೊರಗೆ ಇಷ್ಟೆಲ್ಲ ಜೋಪಾನ ಮಾಡಿ ಮನೆಯೊಳಗೆ ಬರಿಗಾಲಿನಲ್ಲಿ ನಡೆಯುತ್ತಿದ್ದೆ. ದಿನದ ಅತಿ ಕೆಟ್ಟ ಹನ್ನೆರಡು ಹೆಜ್ಜೆಗಳು ಬೀಳುತ್ತಿದ್ದದ್ದೂ ಅಲ್ಲಿಯೇ. ಕಮಾನಿನ ಉಬ್ಬಿರುವ, ಹಿಂಬದಿ ಪಟ್ಟಿಯಿರುವ ಗಡುಸು ತಳದ ಸ್ಯಾಂಡಲ್ ಒಂದನ್ನು ಮಂಚದ ಪಕ್ಕದಲ್ಲೇ ಇಟ್ಟು, ನೆಲಕ್ಕೆ ಕಾಲು ತಾಗಿಸುವ ಮೊದಲೇ ತೊಡತೊಡಗಿದೆ. ಹಿಂಬದಿ ಪಟ್ಟಿ ಇಲ್ಲದ ಚಪ್ಪಲಿ ಕಾಲಿನಿಂದ ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಮುದುಡಿ ಹಿಡಿಯಬೇಕಾಗುತ್ತದೆ; ಆ ಅಭ್ಯಾಸ ತಪ್ಪಲೆಂದೇ ಪಟ್ಟಿಯಿರುವುದನ್ನು ತಂದದ್ದು. ಈಗ ಬೆಳಿಗ್ಗೆ 2, ಕೆಲವು ದಿನ 1. ಸಂಜೆ 1ರಿಂದ 2.

ಗಡುಸು ಶೂವಿನ ಹಿಮ್ಮಡಿಯ ಪಕ್ಕದಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದು ನಡುವಿನ ಅಂತರವನ್ನು ಬರೆದಿಟ್ಟಿದ್ದೇನೆ: 28 ಮಿಲಿಮೀಟರ್. ತಿಂಗಳಿಗೊಮ್ಮೆ ಅಳೆದು, ಫೋಮ್ ಯಾವಾಗ ಕುಸಿಯತೊಡಗುತ್ತದೆ, ಆಗ ಎರಡರಲ್ಲಿ ಯಾವ ಅಂಕಿ ಮೊದಲು ಏರುತ್ತದೆ ಎಂಬುದನ್ನು ಮುಂದಿನ ದಾಖಲೆಯಲ್ಲಿ ಬರೆಯುತ್ತೇನೆ. ಸಂಜೆಯದೇ ಮೊದಲು ಏರಬಹುದೆಂದು ನನ್ನ ಊಹೆ.