ಗೊಂಬೆ ಮೆಟ್ಟಿಲ ಕೆಳಗೆ ಒಂದು ಅಡಿಕೆ ತೋಟ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನಾವು ಗೊಂಬೆ ಕೂರಿಸೋದು ಪುಸ್ತಕದ ಕಪಾಟಿನಲ್ಲಿ. ಮೂರು ಅಡ್ಡ ಹಲಗೆ, ಮೇಲೊಂದು ಬಿಳಿ ಪಂಚೆ, ಪಟ್ಟದ ಗೊಂಬೆ, ಜೊತೆಗೆ ಒಂದಷ್ಟು ಚನ್ನಪಟ್ಟಣದವು. ಅಲ್ಲಿ ಮಕ್ಕಳಿಗೆ ಐದು ತುಂಬಿದರೆ ಶಾಲೆ ಕಡ್ಡಾಯ. ಮಧ್ಯದಲ್ಲಿ ರಜೆ ಕೇಳಿದರೆ ಸುಲಭಕ್ಕೆ ಕೊಡೋದಿಲ್ಲ. ಮಗಳಿಗೆ ಇನ್ನೂ ಐದಾಗಿರಲಿಲ್ಲ, ಹಾಗಾಗಿ 2025ರ ದಸರಾಕ್ಕೆ ಇಬ್ಬರೂ ಶಿವಮೊಗ್ಗಕ್ಕೆ ಬಂದುಬಿಟ್ಟೆವು. ಸೆಪ್ಟೆಂಬರ್ 22ಕ್ಕೆ ಪಾಡ್ಯ, ಅಕ್ಟೋಬರ್ 2ಕ್ಕೆ ವಿಜಯದಶಮಿ. ತಿಥಿ ಲೆಕ್ಕದಲ್ಲಿ ಒಂದು ದಿನ ಜಾಸ್ತಿಯೇ ಸಿಕ್ಕಿತು.

ಮೆಟ್ಟಿಲು ಕಟ್ಟೋದು ಅಪ್ಪನ ಕೆಲಸ. ಟ್ರಂಕು, ಬೆಂಚು, ಮಣೆ, ಹಲಗೆ ಸೇರಿಸಿ ಏಳು ಮೆಟ್ಟಿಲು. ಒಂದೊಂದೂ ಸುಮಾರು ಒಂಬತ್ತು ಅಂಗುಲ ಎತ್ತರ, ಒಂದಡಿ ಅಗಲ. ಬಟ್ಟೆ ಹಾಸುವ ಮುಂಚೆ ಪ್ರತಿ ಹಲಗೆಯ ಎರಡೂ ತುದಿ ಒತ್ತಿ ನೋಡುತ್ತಾರೆ. ಅಲುಗಿದರೆ ಅಡಿಗೆ ಮಡಚಿದ ರಟ್ಟು. ಪಂಚೆಯನ್ನು ಬಿಗಿಯಾಗಿ ಎಳೆಯೋಹಾಗಿಲ್ಲ. ಪ್ರತಿ ಮೂಲೆಯೊಳಗೂ ಬಟ್ಟೆ ಸಡಿಲವಾಗಿ ಕೂರಬೇಕು. ಇಲ್ಲದಿದ್ದರೆ ಕೆಳಗೆ ಯಾವುದೋ ಮಗು ಅಂಚು ಎಳೆದಾಗ ಮೇಲಿನ ದಶಾವತಾರ ಸಾಲಾಗಿ ಮಗುಚುತ್ತದೆ. ಜೋಡಿಸೋದು ಯಾವಾಗಲೂ ಮೇಲಿಂದ ಕೆಳಕ್ಕೆ. ಕಲಶ, ಪಟ್ಟದ ರಾಜ ರಾಣಿ ಮೊದಲು, ಆಮೇಲೆ ದೇವರುಗಳು. ಕೆಳಗಿನದು ತುಂಬಿದ ಮೇಲೆ ಮೇಲಕ್ಕೆ ಕೈ ಎಟುಕೋದಿಲ್ಲ, ಅಲ್ವಾ?

ಇಲ್ಲಿಯವರೆಗೆ ಎಲ್ಲರ ಮನೆಯಲ್ಲೂ ಹೆಚ್ಚು ಕಡಿಮೆ ಹೀಗೇ. ಮಜಾ ಇರೋದು ಮೆಟ್ಟಿಲ ಮುಂದಿನ ನೆಲದಲ್ಲಿ. ಅಲ್ಲಿ ವರ್ಷಕ್ಕೊಂದು ಥೀಮ್. ಮೈಸೂರು ದಸರಾ ಮೆರವಣಿಗೆ ಮಾಡೋಣ ಅಂದೆ ನಾನು. ಅಮ್ಮ ಒಪ್ಪಲಿಲ್ಲ. "ಎಲ್ಲರ ಮನೇಲೂ ಅದೇ ಇರತ್ತೆ. ನಮಗೆ ಗೊತ್ತಿರೋದು ಅಡಿಕೆ. ಅಡಿಕೆ ಕೊಯ್ಲು ಮಾಡೋಣ" ಅಂದರು. ಅಮ್ಮನ ತವರು ತೀರ್ಥಹಳ್ಳಿ ಕಡೆ ತೋಟದ ಮನೆ.

ಥೀಮ್ ಅಂದರೆ ಚಂದದ ಗೊಂಬೆಗಳನ್ನು ಒಂದೆಡೆ ಗುಡ್ಡೆ ಹಾಕೋದು ಅಂದುಕೊಂಡಿದ್ದವಳು ನಾನು. ಅಮ್ಮನ ಲೆಕ್ಕ ಬೇರೆ. ಎಡದಿಂದ ಬಲಕ್ಕೆ ಕೆಲಸ ನಡೆದ ಕ್ರಮದಲ್ಲೇ ಇರಬೇಕು. ಮೊದಲು ತೋಟ, ಆಮೇಲೆ ಸುಲಿಯೋದು, ಬೇಯಿಸೋದು, ಒಣಗಿಸೋದು, ಕೊನೆಗೆ ಅಡಿಕೆ ಮಾರುವ ಮಂಡಿ. ನೋಡೋರ ಕಣ್ಣು ತಾನಾಗೇ ಹಾಗೆ ಸಾಗಬೇಕು, ಪಕ್ಕದಲ್ಲಿ ನಿಂತು ವಿವರಿಸೋಹಾಗಿರಬಾರದು.

ಅಡಿಕೆ ಮರಕ್ಕೆ ನಾವು ಬಳಸಿದ್ದು ತೆಂಗಿನ ಗರಿಯ ದಪ್ಪ ಕಡ್ಡಿ. ತುದಿಗೆ ಹಿತ್ತಲಿನ ಜರಿ ಗಿಡದ ಎಲೆಗಳನ್ನು ದಾರದಿಂದ ಕಟ್ಟಿದರೆ ಥೇಟ್ ಅಡಿಕೆ ಸೋಗೆ. ಐದು ಅಂಗುಲದ ಮನುಷ್ಯ ಗೊಂಬೆಗೆ ಸರಿಯಾದ ಮರ ಬೇಕೆಂದರೆ ನಾಲ್ಕಡಿಯಾದರೂ ಇರಬೇಕು. ಆಗ ಮೆಟ್ಟಿಲೇ ಕಾಣೋದಿಲ್ಲ. ಒಂದೂವರೆ ಅಡಿಗೆ ನಿಲ್ಲಿಸಿದೆವು. ದೊಡ್ಡ ಮರ ಮುಂದೆ, ಸಣ್ಣವು ಹಿಂದೆ ಇಟ್ಟಿದ್ದರಿಂದ ತೋಟ ಆಳವಾಗಿ ಕಂಡಿತು. ಜರಿ ಮೂರನೇ ದಿನಕ್ಕೆ ಬಾಡುತ್ತದೆ. ದಿನ ಬಿಟ್ಟು ದಿನ ಬದಲಾಯಿಸಿದೆವು.

ಅಡಿಕೆ ಗೊನೆಗೆ ನಮ್ಮಲ್ಲಿ ಕೊನೆ ಅಂತಾರೆ. ಅದನ್ನು ಕೊಯ್ಯೋ ವಿಷಯಕ್ಕೆ ಅಪ್ಪ ಅಮ್ಮನ ನಡುವೆ ಸಣ್ಣ ಜಗಳವೇ ಆಯಿತು. ಅಮ್ಮನಿಗೆ ಮರ ಹತ್ತಿದ ಕೊನೆಗಾರ ಬೇಕು. "ಈಗ ಯಾರು ಹತ್ತುತ್ತಾರೆ? ಫೈಬರ್ ದೋಟಿಯಲ್ಲಿ ಕೆಳಗೇ ನಿಂತು ಕೊಯ್ತಾರೆ" ಅಂದರು ಅಪ್ಪ. ಕೊನೆಗೆ ಎರಡೂ ಆಯಿತು. ಹಿಂದಿನ ಸಾಲಿನಲ್ಲಿ ಮರದ ಮೇಲೊಬ್ಬ, ಕೆಳಗೆ ಹಗ್ಗ ಹಿಡಿದವನೊಬ್ಬ. ಮುಂದೆ ಪೊರಕೆ ಕಡ್ಡಿಯ ದೋಟಿ ಹಿಡಿದವನು.

ಅಡಿಕೆಗೆ ಅಡುಗೆಮನೆಯ ಡಬ್ಬಿಗಳೇ ಸಾಕಾದವು. ಹಸಿ ಅಡಿಕೆಗೆ ಹೆಸರುಕಾಳು, ಸುಲಿದದ್ದಕ್ಕೆ ತೊಗರಿಬೇಳೆ, ಬೇಯಿಸಿ ಚೊಗರಿನ ಬಣ್ಣ ಹಿಡಿದ ಕೆಂಪಡಿಕೆಗೆ ಹುರುಳಿಕಾಳು. ಹಳೇ ಸೀರೆಯ ತುಂಡಿನಿಂದ ಮಾಡಿದ ನಾಲ್ಕು ಗೊಂಬೆಗಳು ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತವು. ಮಗಳ ಆಟದ ಹಿತ್ತಾಳೆ ಹಂಡೆಯಲ್ಲಿ ಅಡಿಕೆ ಬೆಂದಿತು. ಕಡ್ಡಿಗಳ ಚಪ್ಪರದ ಮೇಲೆ ಹುರುಳಿ ಹರಡಿದ್ದನ್ನು ದೂರದಿಂದ ನೋಡಿದರೆ ಒಣಗಿದ ಅಡಿಕೆಯೇ. ಇನ್ನು ಮಂಡಿ ಸಾಹುಕಾರರು? ಪ್ರತಿ ವರ್ಷ ಕೊನೇ ಮೆಟ್ಟಿಲಲ್ಲಿ ಅಂಗಡಿ ಇಟ್ಟುಕೊಂಡು ಕೂರುವ ಶೆಟ್ಟಿ ದಂಪತಿಗೆ ಬಡ್ತಿ ಸಿಕ್ಕಿತು. ಮುಂದೊಂದು ತಕ್ಕಡಿ, ಪಕ್ಕದಲ್ಲಿ ಬೆರಳುದ್ದದ ಗೋಣಿಚೀಲಗಳು.

ತೋಟದ ಕೆಳಗಿನ ಗದ್ದೆಗೆ ತಟ್ಟೆಯಲ್ಲಿ ಸಾಸಿವೆ ಬೆಳೆಸಿದ್ದೆವು. ಪಾಡ್ಯಕ್ಕೆ ವಾರ ಮುಂಚೆಯೇ ಬಿತ್ತಬೇಕು, ಆದರೆ ಅದು ಪಿತೃಪಕ್ಷ. "ಪೂಜೆ ಅಲ್ಲವಲ್ಲ, ಹುಲ್ಲು ತಾನೇ" ಅಂತ ಅಮ್ಮ ತಾವೇ ತೀರ್ಪು ಕೊಟ್ಟರು. ಮಲೆನಾಡಿನ ತೇವಕ್ಕೆ ಮೊಳಕೆಗೆ ಬೂಷ್ಟು ಬರೋದು ಬೇಗ. ಬೇರಿನ ಸುತ್ತ ಬಿಳಿ ನವಿರು ಕಂಡ ಕೂಡಲೇ ಎಸೆಯಬೇಡಿ. ಸ್ವಲ್ಪ ನೀರು ಚಿಮುಕಿಸಿ. ಬೇರಿನ ರೋಮವಾದರೆ ಒದ್ದೆಯಾಗಿ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟಾದರೆ ಜೇಡರ ಬಲೆಯಂತೆ ಹಾಗೇ ನಿಲ್ಲುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ. ಹೇಗೂ ಸಾಸಿವೆ ಕೊನೇವರೆಗೆ ನೆಟ್ಟಗೆ ನಿಲ್ಲೋದಿಲ್ಲ. ಹಬ್ಬದ ಮಧ್ಯಕ್ಕೆ ಬೆಳೆದು ಬರಲಿ ಅಂತ ಎರಡನೇ ತಟ್ಟೆಯನ್ನು ಪಾಡ್ಯದ ಆಸುಪಾಸಿನಲ್ಲಿ ಬಿತ್ತಿಟ್ಟಿದ್ದೆವು.

ಕರೆಯೋ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಅಜಗಜಾಂತರ. ಐಂಡ್‌ಹೋವನ್‌ನಲ್ಲಿ ಒಂದೇ ಶನಿವಾರ, ನಾಲ್ಕರಿಂದ ಏಳು, ವಾಟ್ಸಾಪ್‌ನಲ್ಲಿ ಸಂದೇಶ. ಯಾರ ಮಗುವಿಗೆ ಕಡಲೆಕಾಯಿ ಆಗೋದಿಲ್ಲ ಅಂತ ಮೊದಲೇ ಕೇಳಿಕೊಳ್ಳಬೇಕು. ಅಲ್ಲಿ 2022ರಿಂದ ಮನೆಯ ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಕಡ್ಡಾಯ, ಹಾಗಾಗಿ ಕರ್ಪೂರ ಹಚ್ಚೋ ಧೈರ್ಯ ನನಗಿಲ್ಲ. ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ಆರತಿಯಲ್ಲೇ ಮುಗಿಸುತ್ತೇನೆ.

ಇಲ್ಲಿ ಅಮ್ಮ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗುತ್ತಾರೆ. "ಗೊಂಬೆ ಕೂರಿಸಿದ್ದೀವಿ, ಒಂದಿನ ಸಂಜೆ ಅರಿಶಿನ ಕುಂಕುಮಕ್ಕೆ ಬನ್ನಿ" ಅಂತ ಹೇಳೋದು ಮಾತ್ರ ಸುಮ್ನೆ. ಯಾವ ದಿನ ಅಂತ ಅವರ ಮನಸ್ಸಿನಲ್ಲಿ ನಿಗದಿಯಾಗಿರುತ್ತದೆ. ಎದುರು ಬೀದಿಯವರಿಗೆ ಬಿದಿಗೆ ತದಿಗೆ, ನೆಂಟರಿಗೆ ಭಾನುವಾರ. ಆಯುಧ ಪೂಜೆಯ ದಿನ ಯಾರನ್ನೂ ಕರೆಯೋದಿಲ್ಲ. ಅವತ್ತು ಎಲ್ಲರೂ ಗಾಡಿ ತೊಳೆಯುತ್ತಿರುತ್ತಾರೆ. ಬರೋದು ಆರರಿಂದ ಏಳೂವರೆಯೊಳಗೆ, ಆಮೇಲೆ ಅರ್ಧ ಊರು ದಸರಾ ಕಾರ್ಯಕ್ರಮ ನೋಡಲು ಹೊರಡುತ್ತದೆ. ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಆ ದಿನಕ್ಕೆ ಬೇಕಾದಷ್ಟೇ ತಾಂಬೂಲ ಕಟ್ಟುತ್ತಾರೆ.

ಮಕ್ಕಳಿಗೆ ಕರೆಯೇ ಬೇಡ. "ಆಂಟೀ, ಗೊಂಬೆ ಇಟ್ಟಿದ್ದೀರಾ?" ಅಂತ ಗೇಟಿನಿಂದಲೇ ಕೂಗು. ಅವರಿಗೆ ಬಾಗಿನ ಅಂತ ಒಂದು ದಿನ ಕೋಡುಬಳೆ, ಒಂದು ದಿನ ರವೆ ಉಂಡೆ. ಹಾಗೆ ಬಂದ ಒಬ್ಬ ಹುಡುಗ ಹುರುಳಿಕಾಳನ್ನು ಒಂದೊಂದೇ ಜೇಬಿಗಿಳಿಸಿ ಮಂಡಿಗೆ ನಷ್ಟ ಮಾಡಿದ. ದೊಡ್ಡವರು ಅಷ್ಟು ಸುಲಭವಲ್ಲ. ಎದುರು ಮನೆ ಅಜ್ಜಿ ಬಹಳ ಹೊತ್ತು ಬಗ್ಗಿ ನೋಡಿ, "ಕೊನೆಗಾರನ ತಲೇಲಿ ಹಾಳೆ ಟೋಪಿ ಇಲ್ವಲ್ಲೇ" ಅಂದರು. ಮರುದಿನ ಉಗುರಿನಷ್ಟು ಅಡಿಕೆ ಹಾಳೆ ಕತ್ತರಿಸಿ ಹೊಲಿದು ತಂದು ತಾವೇ ತೊಡಿಸಿದರು.

ವಿಜಯದಶಮಿ ರಾತ್ರಿ ಆರತಿಯಾದ ಮೇಲೆ ಪಟ್ಟದ ಗೊಂಬೆಯನ್ನು ಮಲಗಿಸಿ, ಮರುದಿನ ಎಲ್ಲ ತೆಗೆದೆವು. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿಸಬಾರದು, ಬಣ್ಣ ಎದ್ದು ಬರುತ್ತದೆ. ಒಣ ಬ್ರಷ್‌ನಲ್ಲಿ ಧೂಳು ತೆಗೆದು, ಹಳೇ ಪಂಚೆ ಚೂರಲ್ಲಿ ಸುತ್ತಿ, ಬಜೆ ಬೇರಿನ ತುಂಡಿನ ಜೊತೆ ಟ್ರಂಕಿಗೆ. ಟ್ರಂಕು ಇಡೋದು ಅಡುಗೆಮನೆ ಮೇಲಿನ ಅಟ್ಟದಲ್ಲಿ, ಅಲ್ಲಿ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಐಂಡ್‌ಹೋವನ್‌ನಲ್ಲಿ ತೊಂದರೆ ಉಲ್ಟಾ. ಹೀಟರ್ ಹಾಕಿದ ಮೇಲೆ ಗಾಳಿ ಒಣಗಿ ಮರದ ಗೊಂಬೆಗೆ ಬಿರುಕು ಬರುತ್ತದೆ, ಹಾಗಾಗಿ ಹೀಟರ್ ಪಕ್ಕದ ಗೋಡೆಗೆ ಮಾತ್ರ ಕೂರಿಸೋದಿಲ್ಲ. 2026ರಲ್ಲಿ ಪಾಡ್ಯ ಅಕ್ಟೋಬರ್ 11ಕ್ಕೆ, ಭಾನುವಾರ. ಆಗ ಅಲ್ಲಿ ಚಳಿ ಶುರುವಾಗಿರುತ್ತದೆ. ಸಾಸಿವೆಯನ್ನು ತಿಂಗಳ ಮೊದಲ ದಿನವೇ ಬಿತ್ತಬೇಕು.